ಸೊಂಟದವರೆಗಿನ ಗೊಮ್ಮಟ

ಬಾಹುಬಲಿಯ ಮೂರ್ತಿಗಳನ್ನು ಕುರಿತು ಅಂತರ್ಜಾಲದಲ್ಲಿ ಬರೆಯುವ ಕೆಲವರು ಈಗ ಒಂದು ಹೊಸ ಪದ್ಧತಿಗೆ ಒಗ್ಗಿಕೊಂಡಿದ್ದಾರೆ. ಚಿತ್ರವನ್ನು ಸೊಂಟದ ಮಟ್ಟಕ್ಕೆ ಕತ್ತರಿಸಿ, ಮುಖ, ಭುಜ, ಎದೆಯನ್ನಷ್ಟೇ ಉಳಿಸುತ್ತಾರೆ. ಕಾರಣ ಕೇಳಿದಾಗ ಮಿತ್ರರೊಬ್ಬರು ಹೇಳಿದ ಮಾತು ಇದು: "ಪೂರ್ತಿ ಚಿತ್ರ ಹಾಕಿದರೆ ಲೇಖನ ಯಾರ ಕಣ್ಣಿಗೂ ಬೀಳುವುದಿಲ್ಲ ಸರ್. ಅಳಿಸುವುದೂ ಇಲ್ಲ, ತೋರಿಸುವುದೂ ಇಲ್ಲ." ಅವರ ಭಯ ನಿರಾಧಾರವಲ್ಲ. ಆದರೆ ಅದಕ್ಕೆ ಅವರು ಕಂಡುಕೊಂಡ ಪರಿಹಾರ ವಿದ್ವತ್ತಿಗೆ ಸಲ್ಲದು ಎಂಬುದು ನನ್ನ ವಾದ.

ಕತ್ತರಿಗೆ ಸಿಕ್ಕಿ ಹೋಗುವುದೇನು ಎಂಬುದನ್ನು ಮೊದಲು ನೋಡೋಣ. ಕಾಯೋತ್ಸರ್ಗದಲ್ಲಿ ನಿಂತ ಒಂದು ಮೂರ್ತಿ ತೀರ್ಥಂಕರನದಲ್ಲ, ಬಾಹುಬಲಿಯದು ಎಂದು ಗುರುತಿಸಲು ಶಿಲ್ಪಶಾಸ್ತ್ರದ ವಿದ್ಯಾರ್ಥಿ ನೋಡಬೇಕಾದದ್ದು ಪ್ರಧಾನವಾಗಿ ಕೆಳಭಾಗವನ್ನೇ. ಕಾಲುಗಳನ್ನು ಸುತ್ತಿ ಮೇಲೇರುವ ಬಳ್ಳಿ, ಅಡಿಯಲ್ಲಿ ಹುತ್ತ, ಹುತ್ತದಿಂದ ಹೊರಬರುವ ಹಾವು ಇವೆಲ್ಲ ಇರುವುದು ಅಲ್ಲಿಯೇ. ಕ್ರಿ.ಶ. 981ರ ಸುಮಾರಿನದೆಂದು ಹೇಳಲಾಗುವ ಶ್ರವಣಬೆಳಗೊಳದ ಮೂರ್ತಿಯಲ್ಲಿ ಚಾವುಂಡರಾಯನ ಹೆಸರನ್ನು ಹೇಳುವ ಶಾಸನವಿರುವುದೂ ಪಾದಗಳ ಪಕ್ಕದಲ್ಲಿ. ಸೊಂಟದವರೆಗಿನ ಚಿತ್ರವನ್ನಷ್ಟೇ ನೋಡಿದ ವಿದ್ಯಾರ್ಥಿಗೆ ಮೂರ್ತಿ ಯಾರದು ಎಂಬುದಕ್ಕೂ, ಯಾರು ಮಾಡಿಸಿದ್ದು ಎಂಬುದಕ್ಕೂ ಮುಖ್ಯವಾದ ಆಧಾರವೇ ತಪ್ಪುತ್ತದೆ. ನಗ್ನತೆಯನ್ನು ಮರೆಮಾಡಲು ಹೋಗಿ ನಾವು ಸಾಕ್ಷ್ಯವನ್ನೇ ಮರೆಮಾಡುತ್ತಿದ್ದೇವೆ.

ಇನ್ನು ಭಯದ ಮೂಲಕ್ಕೆ ಬರೋಣ. ಜಾಲತಾಣಗಳ ನಿಯಂತ್ರಣದಲ್ಲಿ ಮೂರು ಬೇರೆ ಬೇರೆ ಕ್ರಿಯೆಗಳಿವೆ; ಅವನ್ನು ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ. ಮೊದಲನೆಯದು ಬರಹವನ್ನು ತೆಗೆದುಹಾಕುವುದು. ಎರಡನೆಯದು ವಯೋಮಿತಿಯ ಪಟ್ಟಿ ಹಚ್ಚುವುದು. ಯೂಟ್ಯೂಬಿನಲ್ಲಿ ಈ ಪಟ್ಟಿ ಹತ್ತಿದ ವಿಡಿಯೋವನ್ನು ಲಾಗಿನ್ ಆಗದವರು ಮತ್ತು 18 ತುಂಬದವರು ನೋಡಲಾಗದು. ಮೂರನೆಯದು ಬರಹವನ್ನು ಇದ್ದಲ್ಲಿಯೇ ಬಿಟ್ಟು, ಹೊಸಬರಿಗೆ ಅದನ್ನು ಸೂಚಿಸದಿರುವುದು. ಇನ್‌ಸ್ಟಾಗ್ರಾಮ್ 2021ರಲ್ಲಿ ತಂದ 'ಸೆನ್ಸಿಟಿವ್ ಕಂಟೆಂಟ್ ಕಂಟ್ರೋಲ್' ಈ ಮೂರನೆಯ ಬಗೆಯದು. 2022ರಲ್ಲಿ ಅದರ ವ್ಯಾಪ್ತಿ ಹುಡುಕಾಟಕ್ಕೂ ಹಬ್ಬಿತು. ಯಾವ ಮಟ್ಟದ ಸೂಕ್ಷ್ಮ ವಿಷಯ ತನಗೆ ಕಾಣಬೇಕು ಎಂಬುದನ್ನು ಇಲ್ಲಿ ಓದುಗ ಆರಿಸಿಕೊಳ್ಳಬಹುದು. 18 ತುಂಬದವರಿಗೆ ಮಾತ್ರ ಸಡಿಲವಾದ ಆಯ್ಕೆ ಇಲ್ಲ.

ಇಲ್ಲಿಯೇ ಒಂದು ಮುಖ್ಯ ಬಿರುಕಿದೆ. ನಗ್ನ ಶಿಲ್ಪ ಮತ್ತು ವರ್ಣಚಿತ್ರಗಳಿಗೆ ಈ ಕಂಪನಿಯ ಮೂಲ ನಿಯಮಗಳೇ ಅವಕಾಶ ಕೊಡುತ್ತವೆ. ಆದರೆ ಯಾವುದನ್ನು ತೆಗೆಯಬೇಕು ಎನ್ನುವ ನಿಯಮಾವಳಿ ಬೇರೆ, ಯಾವುದನ್ನು ಸೂಚಿಸಬೇಕು ಎನ್ನುವ ನಿಯಮಾವಳಿ ಬೇರೆ. ಎರಡನೆಯದು ಹೆಚ್ಚು ಬಿಗಿಯಾದುದು. ಆದ್ದರಿಂದ ಒಂದು ಚಿತ್ರ ಮೊದಲನೆಯದರಲ್ಲಿ ಉತ್ತೀರ್ಣವಾಗಿ ಎರಡನೆಯದರಲ್ಲಿ ನಪಾಸಾಗಬಹುದು. ಮೊದಲ ಸುತ್ತಿನ ತೀರ್ಪನ್ನು ಸಾಮಾನ್ಯವಾಗಿ ಯಂತ್ರವೇ ಕೊಡುತ್ತದೆ. ಅದು ತೂಗುವುದು ಮೈಯ ಆಕಾರವನ್ನು. ಆ ನಗ್ನತೆ ತ್ಯಾಗದ ಸಂಕೇತವೋ ಭೋಗದ ಆಹ್ವಾನವೋ ಎಂಬ ವಿವೇಚನೆಯನ್ನು ಅದರಿಂದ ನಿರೀಕ್ಷಿಸಲಾಗದು.

ಹಾಗೆಂದು ಇದನ್ನು ನಮ್ಮ ಸಂಸ್ಕೃತಿಯ ವಿರುದ್ಧ ನಡೆದ ಸಂಚು ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಆಸ್ಟ್ರಿಯಾದಲ್ಲಿ 1908ರಲ್ಲಿ ದೊರೆತ, ಸುಮಾರು 11 ಸೆಂ.ಮೀ. ಎತ್ತರದ ವಿಲೆನ್‌ಡಾರ್ಫಿನ ಶಿಲಾಯುಗದ ಸ್ತ್ರೀಪ್ರತಿಮೆಯ ಚಿತ್ರವನ್ನು ಫೇಸ್‌ಬುಕ್ 2017ರ ಕೊನೆಯಲ್ಲಿ ತಡೆಹಿಡಿದಿತ್ತು. ಪ್ರತಿಮೆಯನ್ನು ಕಾಪಾಡಿಕೊಂಡು ಬಂದಿರುವ ವಿಯೆನ್ನಾದ ವಸ್ತುಸಂಗ್ರಹಾಲಯ ಬಹಿರಂಗವಾಗಿ ಪ್ರತಿಭಟಿಸಿದ ಮೇಲೆ ಕಂಪನಿ ತಪ್ಪೊಪ್ಪಿಕೊಂಡಿತು. ಅಂದರೆ ಯಂತ್ರದ ಕುರುಡಿಗೆ ದೇಶಭೇದವಿಲ್ಲ. ಈ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ: ಚಿತ್ರವನ್ನು ತಡೆದದ್ದು ಕಣ್ಣಿಗೆ ಕಾಣುವಂತಿತ್ತು, ಆದ್ದರಿಂದಲೇ ಪ್ರತಿಭಟನೆ ಸಾಧ್ಯವಾಯಿತು. ಅದನ್ನು ಕೇವಲ ಸೂಚಿಸದೆ ಬಿಟ್ಟಿದ್ದರೆ ವಸ್ತುಸಂಗ್ರಹಾಲಯಕ್ಕೆ ತಿಳಿಯುವ ಬಗೆಯಾದರೂ ಯಾವುದು?

ತಿಳಿಯುವ ಬಗೆ ಸ್ವಲ್ಪಮಟ್ಟಿಗೆ ಇದೆ. ಕಾರ್ಕಳದ ಮೂರ್ತಿಯನ್ನು ಕುರಿತು ನೀವು ಬರೆದ ಲೇಖನ ಕಾಲೇಜಿನ ಗ್ರಂಥಾಲಯದ ಗಣಕದಲ್ಲಿ ಸಿಗುತ್ತಿಲ್ಲ ಎಂದುಕೊಳ್ಳಿ. ಗೂಗಲ್‌ನಲ್ಲಿ `site:` ಎಂದು ಬರೆದು, ಅದಕ್ಕೆ ಅಂಟಿಸಿ ನಿಮ್ಮ ತಾಣದ ವಿಳಾಸ, ಮುಂದೆ ಲೇಖನದ ಶೀರ್ಷಿಕೆ ಕೊಟ್ಟು ಹುಡುಕಿ. ಮೊದಲು ಸೇಫ್‌ಸರ್ಚ್ ಅನ್ನು ಆಫ್ ಮಾಡಿ, ಅನಂತರ ಫಿಲ್ಟರ್‌ನಲ್ಲಿಟ್ಟು ನೋಡಿ. ಆಫ್‌ನಲ್ಲಿ ಕಂಡು ಫಿಲ್ಟರ್‌ನಲ್ಲಿ ಮಾಯವಾದರೆ, ಪುಟಕ್ಕೆ ಅಶ್ಲೀಲವೆಂಬ ಮುದ್ರೆ ಬಿದ್ದಿರುವ ಸಂಭವ ಹೆಚ್ಚು. ಎರಡರಲ್ಲೂ ಕಾಣದಿದ್ದರೆ ದೋಷ ಮುದ್ರೆಯದಲ್ಲ. ಗೂಗಲ್ ಆ ಪುಟವನ್ನು ತನ್ನ ಸೂಚಿಗೆ ಇನ್ನೂ ಸೇರಿಸಿಕೊಂಡಿರಲಾರದು. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡುವುದು ಲೇಸು. ಅನೇಕ ಶಿಕ್ಷಣ ಸಂಸ್ಥೆಗಳ ಜಾಲದಲ್ಲಿ ಫಿಲ್ಟರ್‌ಗೆ ಬೀಗ ಹಾಕಿರುತ್ತಾರೆ. ಸೇಫ್‌ಸರ್ಚ್ ಪುಟದಲ್ಲಿ ಬೀಗದ ಚಿಹ್ನೆಯೇ ಕಾಣುತ್ತದೆ. ವಿಪರ್ಯಾಸವೆಂದರೆ, ಶಿಲ್ಪವನ್ನು ಅಧ್ಯಯನ ಮಾಡಬೇಕಾದ ವಿದ್ಯಾರ್ಥಿ ಕುಳಿತಿರುವುದು ಬೀಗವಿರುವ ಆ ಗಣಕದ ಮುಂದೆಯೇ. ಇನ್‌ಸ್ಟಾಗ್ರಾಮ್‌ನಲ್ಲಾದರೆ 'ಅಕೌಂಟ್ ಸ್ಟೇಟಸ್' ಎಂಬಲ್ಲಿ ನಿಮ್ಮ ಬರಹಗಳನ್ನು ಹೊಸಬರಿಗೆ ಸೂಚಿಸಬಹುದೇ ಎಂಬುದನ್ನು ನೋಡಬಹುದು. ಆದರೆ ಅದನ್ನು ಹುಡುಕಿಕೊಂಡು ಹೋಗಬೇಕಾದವರು ನಾವೇ.

ಸದುದ್ದೇಶದ ಲೇಖಕರು ಮಾಡುವ ಇನ್ನೊಂದು ತಪ್ಪನ್ನೂ ಹೇಳಬೇಕು. ಒಂದು ಶಿಲ್ಪಲೇಖನದ ಮುಜುಗರಕ್ಕಾಗಿ ಬ್ಲಾಗರ್‌ನ 'ವಯಸ್ಕ ವಿಷಯ' ಎಂಬ ಗುಂಡಿಯನ್ನು ಒತ್ತಿಬಿಡುತ್ತಾರೆ. ಅದು ಅನ್ವಯವಾಗುವುದು ಒಂದು ಲೇಖನಕ್ಕಲ್ಲ, ಇಡೀ ಬ್ಲಾಗಿಗೆ. ಅಲ್ಲಿಂದ ಮುಂದೆ ಛಂದಸ್ಸಿನ ಲೇಖನ ಓದಲು ಬಂದವನಿಗೂ ಎಚ್ಚರಿಕೆಯ ಪುಟ ಎದುರಾಗುತ್ತದೆ.

ಮಕ್ಕಳ ರಕ್ಷಣೆಗೆ ಪಟ್ಟಿಗಳು ಬೇಕು. ಅದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಮೌನದ ಬಗ್ಗೆ. ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವಾ ಕಾಯ್ದೆಯ 17ನೆಯ ವಿಧಿ, ನಿಯಮಭಂಗದ ಕಾರಣಕ್ಕೆ ಬರಹವನ್ನು ತೆಗೆದಾಗ ಮಾತ್ರವಲ್ಲ, ಅದರ ಗೋಚರತೆಯನ್ನು ತಗ್ಗಿಸಿದಾಗಲೂ ಲೇಖಕನಿಗೆ ಕಾರಣ ತಿಳಿಸಬೇಕೆನ್ನುತ್ತದೆ. ನಮ್ಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ 4(8)ನೆಯ ನಿಯಮವೂ ದೊಡ್ಡ ಜಾಲತಾಣಗಳು ಕಾರಣ ಕೊಟ್ಟು ಆಕ್ಷೇಪಣೆಗೆ ಅವಕಾಶ ನೀಡಬೇಕೆನ್ನುತ್ತದೆ. ಆದರೆ ಅದರ ಮಾತು 'ತೆಗೆದುಹಾಕುವುದು' ಮತ್ತು 'ಪ್ರವೇಶ ತಡೆಯುವುದು' ಎಂಬಲ್ಲಿಗೆ ನಿಲ್ಲುತ್ತದೆ. ಬರಹವನ್ನು ಇದ್ದಲ್ಲಿಯೇ ಬಿಟ್ಟು ಹುಡುಕುವವನ ಕಣ್ಣಿನಿಂದ ತಪ್ಪಿಸುವ ಕ್ರಿಯೆಗೆ ಅಲ್ಲಿ ಹೆಸರೇ ಇಲ್ಲ. ಲೇಖಕರೂ ವಿಶ್ವವಿದ್ಯಾಲಯಗಳೂ ಕೇಳಬೇಕಾದದ್ದು ಈ ಒಂದು ಪದದ ಸೇರ್ಪಡೆಯನ್ನು.

ಅಲ್ಲಿಯವರೆಗೆ ಪೂರ್ಣ ಮೂರ್ತಿಯ ಚಿತ್ರವನ್ನೇ ಪ್ರಕಟಿಸೋಣ, ಮೇಲೆ ಹೇಳಿದಂತೆ ಪರೀಕ್ಷಿಸೋಣ, ತಪ್ಪು ಮುದ್ರೆ ಬಿದ್ದಿದ್ದರೆ ಮರುಪರಿಶೀಲನೆಗೆ ಬರೆಯೋಣ. ಓದುಗರು ನಾಲ್ಕು ಜನ ಕಡಿಮೆಯಾದರೆ ಆಗಲಿ. ಪಾದವಿಲ್ಲದ, ಬಳ್ಳಿಯಿಲ್ಲದ, ಶಾಸನವಿಲ್ಲದ ಗೊಮ್ಮಟನನ್ನು ಸಾವಿರ ಜನಕ್ಕೆ ತೋರಿಸುವುದರಿಂದ ವಿದ್ಯೆಗೆ ಆಗುವ ಲಾಭವೇನೂ ಇಲ್ಲ.