ಕರೆಂಟು ಹೋಗಿ ಬಂದಾಗ ಸ್ಮಾರ್ಟ್ ಪ್ಲಗ್ ಏನು ಮಾಡುತ್ತದೆ? ಬಾಡಿಗೆ ಮನೆಯವರು ಮೊದಲು ಕೇಳಬೇಕಾದ್ದು ಇದನ್ನೇ

ಬೈರಮಂಗಲದ ಬಾಡಿಗೆ ಮನೆಯೊಂದರಲ್ಲಿ ಹೋದ ಬೇಸಿಗೆಯಲ್ಲಿ ಒಂದು ಲೀಟರ್ ಹಾಲು ಕೆಟ್ಟಿತು. ಮಧ್ಯಾಹ್ನ ಹತ್ತು ನಿಮಿಷ ಕರೆಂಟು ಹೋಗಿ ಬಂದಿತ್ತು, ಅಷ್ಟೇ. ಫ್ಯಾನು ತಿರುಗಿತು, ಓನರ್ ಮನೆಯ ಟಿವಿ ಬಂತು. ಆದರೆ ನನ್ನ ಗೆಳೆಯನ ಫ್ರಿಜ್ಜು ಮಾತ್ರ ಸಂಜೆಯವರೆಗೂ ಆಫ್ ಆಗಿಯೇ ಇತ್ತು. ಫ್ರಿಜ್ಜಿನಲ್ಲಿ ದೋಷವಿರಲಿಲ್ಲ. ಅದಕ್ಕೆ ಹಾಕಿದ್ದ ಸ್ಮಾರ್ಟ್ ಪ್ಲಗ್, ತನಗೆ ಹೇಳಿದ್ದನ್ನು ಸರಿಯಾಗಿಯೇ ಮಾಡಿತ್ತು.

ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಕೆಲಸ ಮಾಡುತ್ತಾ ನಮ್ಮ ಕಡೆ ರೂಮು ಮಾಡಿಕೊಂಡಿರುವ ಹುಡುಗರು ಈಗೀಗ ಈ ಪ್ಲಗ್ ತರಿಸುತ್ತಿದ್ದಾರೆ. ಯಾವ ಆ್ಯಪ್ ಚೆನ್ನಾಗಿದೆ, ಬಾಯಲ್ಲಿ ಹೇಳಿದರೆ ಲೈಟ್ ಹತ್ತುತ್ತದಾ ಎಂದು ಕೇಳುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕರೆಂಟು ಹೋಗಿ ಬರುವ ಊರಿನಲ್ಲಿ ಮೊದಲ ಪ್ರಶ್ನೆ ಒಂದೇ: ಕರೆಂಟು ವಾಪಸ್ ಬಂದ ಕ್ಷಣ ಈ ಪ್ಲಗ್ ಆನ್ ಆಗುತ್ತದೋ, ಆಫ್ ಆಗಿಯೇ ಇರುತ್ತದೋ?

ಪ್ಲಗ್ ಯಾಕೆ ಬಂತು

ಗೆಳೆಯನ ಮನೆಗೂ ಓನರ್ ಮನೆಗೂ ಒಂದೇ ಮೀಟರು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 2023ರಲ್ಲಿ ಯೋಜನೆ ಬಂದಾಗ, ಆ ಮೀಟರಿನ 2022-23ರ ತಿಂಗಳ ಸರಾಸರಿಗೆ ಶೇ 10 ಸೇರಿಸಿ ಪುಕ್ಕಟೆ ಮಿತಿ ನಿಗದಿ ಮಾಡಿದರು. ಅದಕ್ಕಿಂತ ಹೆಚ್ಚು ಉರಿಸಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್.

ಆ ಮನೆಯ ಮಿತಿ 128 ಯೂನಿಟ್. ಗೆಳೆಯ ಫ್ರಿಜ್ಜು ತಂದ ಮೇಲೆ ಬಿಲ್ಲಿನಲ್ಲಿ 155 ಬಂತು. ಓನರಮ್ಮ ನೇರವಾಗಿ ಹೇಳಿದರು: "ನಿಮ್ಮ ಫ್ರಿಜ್ಜು ಬಂದ್ಮೇಲೇ ಕಣಪ್ಪ ಬಿಲ್ಲು ಬರೋಕೆ ಶುರುವಾಗಿದ್ದು. ಜಾಸ್ತಿ ಬಂದಿದ್ದು ನೀವೇ ಕಟ್ಕೊಳಿ."

ಇವನಿಗೆ ಜಗಳ ಬೇಡವಾಗಿತ್ತು, ಲೆಕ್ಕ ಬೇಕಿತ್ತು. ಯೂನಿಟ್ ಅಳೆದು ತೋರಿಸುವ 16 ಆ್ಯಂಪಿನ ಸ್ಮಾರ್ಟ್ ಪ್ಲಗ್ ಒಂದನ್ನು ಸಾವಿರ ರೂಪಾಯಿ ಚಿಲ್ಲರೆಗೆ ತರಿಸಿದ. ಒಂದು ವಾರ ಫ್ರಿಜ್ಜಿಗೆ ಹಾಕಿದ, ಇನ್ನೊಂದು ವಾರ ಗೀಸರಿಗೆ.

ಫ್ರಿಜ್ಜು ದಿನಕ್ಕೆ 0.7 ಯೂನಿಟ್ ತೆಗೆದುಕೊಂಡಿತು. ತಿಂಗಳಿಗೆ 21. ಅಂದರೆ ಓನರಮ್ಮ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ 15 ಲೀಟರಿನ, 2000 ವ್ಯಾಟಿನ ಗೀಸರು ದಿನಕ್ಕೆ 2.1 ಯೂನಿಟ್ ತೆಗೆದುಕೊಂಡಿತು. ತಿಂಗಳಿಗೆ 63.

ಇದರಲ್ಲಿ ಸ್ನಾನಕ್ಕೆ ನಿಜವಾಗಿ ಬೇಕಾದ್ದೆಷ್ಟು? ತಣ್ಣೀರು 22 ಡಿಗ್ರಿ ಇದ್ದರೆ 15 ಲೀಟರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು 0.66 ಯೂನಿಟ್ ಬೇಕು. 2000 ವ್ಯಾಟಿನ ಗೀಸರಿಗೆ ಅದು 20 ನಿಮಿಷದ ಕೆಲಸ. ಗಂಡ ಹೆಂಡತಿ ಇಬ್ಬರಿಗೆ ಎರಡು ಸಲ ಎಂದರೂ 1.3 ಯೂನಿಟ್. ಉಳಿದ 0.8 ಎಲ್ಲಿ ಹೋಯಿತು? ಇವರು ಸ್ವಿಚ್ಚು ಆರಿಸುವುದನ್ನು ಮರೆಯುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಾಗ ಟ್ಯಾಂಕಿನ ನೀರು ಆರುವುದು, ಗೀಸರು ಮತ್ತೆ ಕಾಯಿಸುವುದು, ದಿನವಿಡೀ ಇದೇ ನಡೆದಿತ್ತು. ತಿಂಗಳಿಗೆ 24 ಯೂನಿಟ್ ಹೀಗೇ ಹೋಗುತ್ತಿತ್ತು.

ಗೀಸರು ಬೆಳಿಗ್ಗೆ ಮತ್ತು ಸಂಜೆ ಅರ್ಧರ್ಧ ಗಂಟೆ ಮಾತ್ರ ಆನ್ ಇರುವಂತೆ ಆ್ಯಪ್‌ನಲ್ಲಿ Schedule ಹಾಕಿದ. ಮುಂದಿನ ಬಿಲ್ಲಿನಲ್ಲಿ ಮಿತಿ ಮೀರಿದ್ದು 5 ಯೂನಿಟ್ ಮಾತ್ರ. ಅದನ್ನು ತಾನೇ ಕೊಡುತ್ತೇನೆ ಎಂದ. ಮಾತು ಅಲ್ಲಿಗೆ ಮುಗಿಯಿತು.

ಒಂದು ಮಾತು ನೆನಪಿರಲಿ. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ಅವನಿಗೆ ಉಳಿದದ್ದು ತಿಂಗಳಿಗೆ 144 ರೂಪಾಯಿ. ಪ್ಲಗ್ಗಿನ ದುಡ್ಡು ಹುಟ್ಟಲು ಏಳೆಂಟು ತಿಂಗಳು ಬೇಕು. ನಿಮ್ಮ ಬಳಕೆ ಈಗಾಗಲೇ ಪುಕ್ಕಟೆ ಮಿತಿಯ ಒಳಗಿದ್ದರೆ ಬಿಲ್ಲಿನಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ. ಹಾಗಿದ್ದಾಗ ಉಳಿತಾಯದ ಆಸೆಗೆ ಇದನ್ನು ಕೊಳ್ಳಬೇಡಿ.

ಹಾಲು ಕೆಟ್ಟಿದ್ದು ಹೇಗೆ

ಅಗ್ಗದ ಪ್ಲಗ್‌ಗಳಲ್ಲಿ ಬಹಳಷ್ಟು Smart Life ಎಂಬ ಆ್ಯಪ್‌ನಲ್ಲಿ, ಇಲ್ಲವೇ ಅದೇ ತರಹ ಕಾಣುವ ಕಂಪನಿಯ ಸ್ವಂತ ಆ್ಯಪ್‌ನಲ್ಲಿ ನಡೆಯುತ್ತವೆ. ಪ್ಲಗ್ಗಿನ ಸೆಟ್ಟಿಂಗ್ ಒಳಗೆ Relay Status ಅಥವಾ Power-on ಎಂದು ಶುರುವಾಗುವ ಒಂದು ಸಾಲು ಇರುತ್ತದೆ. ಕರೆಂಟು ವಾಪಸ್ ಬಂದಾಗ ಆನ್ ಆಗಬೇಕೋ, ಆಫ್ ಇರಬೇಕೋ, ಹೋಗುವ ಮುಂಚೆ ಹೇಗಿತ್ತೋ ಹಾಗೇ ಇರಬೇಕೋ ಎಂದು ಅದು ಕೇಳುತ್ತದೆ.

ಗೀಸರಿಗೆ ಆಫ್ ಸರಿ. ಯಾರೂ ಇಲ್ಲದಾಗ ಕರೆಂಟು ಬಂದರೆ ಅದು ಕಾಯುವುದು ಬೇಡ. ಗೆಳೆಯ ಹಾಗೇ ಇಟ್ಟಿದ್ದ. ಆಮೇಲೆ ಫ್ರಿಜ್ಜನ್ನು ಇನ್ನೊಂದು ಸಲ ಅಳೆಯೋಣ ಎಂದು ಅದೇ ಪ್ಲಗ್ಗನ್ನು ಅಡುಗೆಮನೆಯ ದೊಡ್ಡ ಸಾಕೆಟ್ಟಿಗೆ ತಂದು ಹಾಕಿದ. Schedule ತೆಗೆದ, ಈ ಸಾಲು ಮರೆತ. ಕರೆಂಟು ಹೋಯಿತು, ಬಂತು, ಪ್ಲಗ್ಗು ಆಫ್ ಆಗಿ ಕುಳಿತಿತು. ಫ್ರಿಜ್ಜಿಗೆ ಆನ್ ಎಂದೇ ಇರಬೇಕು. ಅಳೆದು ಮುಗಿದ ಮೇಲೆ ಪ್ಲಗ್ ತೆಗೆದು ಫ್ರಿಜ್ಜನ್ನು ಗೋಡೆಯ ಸಾಕೆಟ್ಟಿಗೇ ಹಾಕುವುದು ಇನ್ನೂ ಒಳ್ಳೆಯದು.

ಹಾಲು ಹೋದರೆ ಹೋಯಿತು. ಇದೇ ತಪ್ಪು ತಿರುಗಾಮುರುಗಾ ಆದರೆ ಬೆಂಕಿ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಅನ್ನು ಸ್ಮಾರ್ಟ್ ಪ್ಲಗ್ಗಿಗೆ ಹಾಕಲೇಬೇಡಿ. ಗೀಸರಿನೊಳಗೆ ಬಿಸಿ ಹೆಚ್ಚಾದರೆ ತಾನೇ ಆಫ್ ಆಗುವ ವ್ಯವಸ್ಥೆ ಇದೆ. ಸಾಮಾನ್ಯ ಕಾಯಿಲ್‌ನಲ್ಲಿ ಅದಿಲ್ಲ. ಬಕೆಟ್ಟಿನಲ್ಲಿ ನೀರಿದೆಯೋ, ಕಾಯಿಲ್ ಖಾಲಿ ಬಕೆಟ್ಟಿಗೆ ತಗುಲಿಕೊಂಡಿದೆಯೋ, ಮಗು ಕೈ ಹಾಕಿದೆಯೋ, ಬಿಡದಿಯಲ್ಲಿ ಕುಳಿತು ಫೋನಿನಲ್ಲಿ ಬಟನ್ ಒತ್ತುವವನಿಗೆ ಕಾಣುವುದಿಲ್ಲ. ಇಸ್ತ್ರಿ ಪೆಟ್ಟಿಗೆಗೂ ಇದೇ ಮಾತು. ಮುಂದೆ ನಿಂತು ನೋಡಿಕೊಳ್ಳಬೇಕಾದ ಯಾವುದನ್ನೂ ದೂರದಿಂದ ಹಚ್ಚಬಾರದು.

ಕೊಂಡ ದಿನವೇ ಮಾಡಿ ನೋಡಿ

ಪ್ಲಗ್ ಬಂದ ದಿನ ಗೀಸರಿಗೆ ಹಾಕುವ ಮೊದಲು ಒಂದು ಬಲ್ಬು ಅಥವಾ ಟೇಬಲ್ ಫ್ಯಾನು ಹಾಕಿ. ಆ್ಯಪ್‌ನಿಂದ ಆನ್ ಮಾಡಿ. ಗೋಡೆಯ ಸ್ವಿಚ್ಚು ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಬಲ್ಬು ಹತ್ತಿತೋ ಇಲ್ಲವೋ ನೋಡಿ. ಕರೆಂಟು ಹೋಗಿ ಬಂದಾಗ ಆಗುವುದೂ ಅದೇ.

ಆಮೇಲೆ ಐದು ನಿಮಿಷದ ನಂತರ ಆಫ್ ಆಗುವಂತೆ Schedule ಹಾಕಿ, ವೈಫೈ ರೂಟರ್ ಆರಿಸಿಬಿಡಿ. ಹೊತ್ತಿಗೆ ಸರಿಯಾಗಿ ಆಫ್ ಆದರೆ, ಹೇಳಿದ ಸಮಯವನ್ನು ಪ್ಲಗ್ಗು ತನ್ನೊಳಗೇ ಇಟ್ಟುಕೊಂಡಿದೆ. ಆಗದಿದ್ದರೆ ಪ್ರತಿ ಸಲವೂ ಅದಕ್ಕೆ ಇಂಟರ್ನೆಟ್‌ನಿಂದ ಅಪ್ಪಣೆ ಬರಬೇಕು. ನೆಟ್ ಹೋದ ದಿನ ಗೀಸರು ಆನ್ ಆಗಿಯೇ ಉಳಿಯಬಹುದು. ಅಂಥದ್ದನ್ನು ವಾಪಸ್ ಮಾಡಿ, ಇಲ್ಲವೇ ಬರೀ ಅಳೆಯಲು ಇಟ್ಟುಕೊಳ್ಳಿ.

ಒಳ್ಳೆಯ ಪ್ಲಗ್ಗಿಗೂ ಒಂದು ಮಿತಿ ಇದೆ. ಸಾಮಾನ್ಯವಾಗಿ ಇವುಗಳಲ್ಲಿ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋದರೆ ಗಂಟೆ ಎಷ್ಟೆಂಬುದೇ ಮರೆತುಹೋಗುತ್ತದೆ, ಬಂದ ಮೇಲೆ ವೈಫೈ ಮೂಲಕ ಕೇಳಿ ತಿಳಿಯುತ್ತದೆ. ಆದ್ದರಿಂದ ಮನೆಯಲ್ಲೇ ಇರುವ ವೈಫೈ ಬೇಕು. ನಿಮ್ಮ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದರೆ, ನೀವು ಡ್ಯೂಟಿಗೆ ಹೊರಟ ಕೂಡಲೇ ಪ್ಲಗ್ಗು ಅನಾಥ. ವೈಫೈ ಇಲ್ಲದವರಿಗೆ ತಿರುಗುವ ಡಯಲ್ ಇರುವ 16 ಆ್ಯಂಪಿನ ಟೈಮರ್ ಸಾಕು. ಅದರಲ್ಲೂ ಒಂದು ತೊಂದರೆ ಇದೆ. ಮೋಟಾರಿನಿಂದ ಓಡುವ ಟೈಮರಾದರೆ ಕರೆಂಟು ಎಷ್ಟು ಹೊತ್ತು ಹೋಗುತ್ತದೋ ಅಷ್ಟು ಹಿಂದೆ ಬೀಳುತ್ತದೆ. ಎರಡು ಗಂಟೆ ಹೋದರೆ ಐದೂವರೆಯ ನೀರು ಏಳೂವರೆಗೆ ಕಾಯುತ್ತದೆ. ಆಗಾಗ ಕೈಯಲ್ಲಿ ತಿರುಗಿಸಿ ಸರಿ ಮಾಡಬೇಕು.

ಮೊದಲ ಸಲ ಜೋಡಿಸುವಾಗಲೇ ಆ್ಯಪ್ ಸುತ್ತುತ್ತಾ ನಿಂತರೆ ಹೆಚ್ಚಾಗಿ ಕಾರಣ ಒಂದೇ: ಇಂಥ ಪ್ಲಗ್‌ಗಳು 2.4 GHz ವೈಫೈ ಮಾತ್ರ ಹಿಡಿಯುತ್ತವೆ, ನಿಮ್ಮ ಫೋನು 5 GHz ಮೇಲಿದೆ. ಫೋನನ್ನು ಬದಲಾಯಿಸಿ ನೋಡಿ.

ಸಾಕೆಟ್ಟು ಓನರದ್ದು, ಜೀವ ನಮ್ಮದು

2000 ವ್ಯಾಟಿನ ಗೀಸರು ಎಳೆಯುವುದು ಒಂಬತ್ತು ಆ್ಯಂಪಿನ ಹತ್ತಿರ, 3000 ವ್ಯಾಟಿನದು 13 ಆ್ಯಂಪ್. 10 ಆ್ಯಂಪಿನ ಪ್ಲಗ್ಗು ಅಗ್ಗ ಎಂದು ತಂದು, ದಪ್ಪ ಪಿನ್ ಕೂರದಿದ್ದಕ್ಕೆ ಮಧ್ಯೆ ಕನ್ವರ್ಟರ್ ಸಿಕ್ಕಿಸುತ್ತಾರೆ. ಕರಗುವುದು ಅಲ್ಲೇ. ಗೀಸರಿಗೆ 16 ಆ್ಯಂಪಿನದೇ ಬೇಕು, ಮಧ್ಯೆ ಏನೂ ಇರಬಾರದು.

ಹಳೆಯ ಬಾಡಿಗೆ ಮನೆಗಳಲ್ಲಿ ಸಾಕೆಟ್ಟೇ ಸಡಿಲವಾಗಿರುತ್ತದೆ. ಮೊದಲು ಸ್ಮಾರ್ಟ್ ಪ್ಲಗ್ ಇಲ್ಲದೆ ಗೀಸರನ್ನು 20 ನಿಮಿಷ ಓಡಿಸಿ, ಸ್ವಿಚ್ಚು ಆರಿಸಿ, ಪ್ಲಗ್ಗಿನ ಮೈ ಮುಟ್ಟಿ. ಉಗುರು ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಪ್ಲಾಸ್ಟಿಕ್ ವಾಸನೆ ಬಂದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಕಂಡರೆ ಓನರಿಗೆ ಹೇಳಿ ಸಾಕೆಟ್ಟು ಬದಲಾಯಿಸಿಸಿ. ಅಲ್ಲಿಯವರೆಗೆ ಸ್ಮಾರ್ಟ್ ಪ್ಲಗ್ ಬೇಡ. ನೀರು ಸಿಡಿಯುವ ಜಾಗದಲ್ಲಿ ಸಾಕೆಟ್ಟಿದ್ದರೂ ಬೇಡ.

ಖಾತೆ ಯಾರ ಹೆಸರಲ್ಲಿ ಎಂಬುದನ್ನೂ ನೋಡಿ. ಪ್ಲಗ್ಗನ್ನು ಓನರ್ ಕೊಡಿಸಿ ಅವರ ಫೋನಿಗೆ ಜೋಡಿಸಿದರೆ, ನಿಮ್ಮ ಗೀಸರು ಎಷ್ಟು ಗಂಟೆಗೆ ಹತ್ತಿತು, ಯಾವ ದಿನ ಹತ್ತಲೇ ಇಲ್ಲ ಎಂಬುದೆಲ್ಲ ಅವರಿಗೆ ಕಾಣುತ್ತದೆ. ಮನೆಯಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ಎಂದು ಅದರಲ್ಲೇ ತಿಳಿಯಬಹುದು. ಓನರ್ ಒಳ್ಳೆಯವರೇ ಇರಲಿ, ಇದು ಸರಿಯಲ್ಲ. ನಿಮ್ಮದೇ ಖಾತೆಯಲ್ಲಿ ಜೋಡಿಸಿ, ಮನೆಯವರಿಗೆ ಪಾಸ್‌ವರ್ಡ್ ಕೊಡದೆ ಆ್ಯಪ್‌ನ ಹಂಚಿಕೆ ಸೌಲಭ್ಯದಿಂದ ಸೇರಿಸಿ. ಪ್ಲಗ್ಗನ್ನು ಮಾರುವುದಾದರೆ ಅಥವಾ ಬಿಟ್ಟು ಹೋಗುವುದಾದರೆ ಮೊದಲು ಆ್ಯಪ್‌ನಿಂದ ತೆಗೆಯಿರಿ. ಇಲ್ಲದಿದ್ದರೆ ಅದು ನಿಮ್ಮ ಖಾತೆಯಲ್ಲೇ ಉಳಿಯುತ್ತದೆ, ಮುಂದಿನವರು ಜೋಡಿಸಲು ಹೋದರೆ ತಕರಾರು ಮಾಡಬಹುದು.

ಬಾಡಿಗೆ ಮನೆಗೆ ಗೋಡೆಯೊಳಗೆ ಕೂರಿಸುವ ಸ್ಮಾರ್ಟ್ ಸ್ವಿಚ್ಚು ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಓನರಿನ ವೈರಿಂಗ್ ಮುಟ್ಟಬೇಕು, ಬಿಡುವಾಗ ಮತ್ತೆ ಬಿಚ್ಚಬೇಕು. ಬಣ್ಣ ಬದಲಿಸುವ ಬಲ್ಬೂ ಮೊದಲಿಗೆ ಬೇಡ. ಅಳೆಯುವ ಪ್ಲಗ್ಗು ಒಂದು ಸಾಕು, ಬ್ಯಾಗಿಗೆ ಹಾಕಿಕೊಂಡು ಮುಂದಿನ ಮನೆಗೆ ಹೋಗಬಹುದು.

ನನ್ನ ಗೆಳೆಯ ಈಗ ಪ್ಲಗ್ಗಿನ ಮೇಲೆ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ "ಗೀಸರ್ ಮಾತ್ರ" ಎಂದು ಬರೆದಿದ್ದಾನೆ. ಹಾಲು ಮತ್ತೆ ಕೆಟ್ಟಿಲ್ಲ.