ಐದು ವರ್ಷದ ಅನುಭವದೊಳಗೆ
ರೆಸ್ಯೂಮೆಯ ಅನುಭವವನ್ನು ವರ್ಷಗಳಲ್ಲಲ್ಲ, ತಿಂಗಳುಗಳಲ್ಲಿ ಎಣಿಸಬೇಕು. ‘2021–2022’ ಎಂದಷ್ಟೇ ಬರೆದರೆ ಅದು ಎರಡು ತಿಂಗಳೂ ಆಗಬಹುದು, ಇಪ್ಪತ್ನಾಲ್ಕೂ ಆಗಬಹುದು. ಜಾವಾ ಡೆವಲಪರ್ ಹುದ್ದೆಗೆ 3ರಿಂದ 5 ವರ್ಷ ಅನುಭವ ಕೇಳಿದ್ದಾರೆ ಎನ್ನಿ. ಅಭ್ಯರ್ಥಿ ಜುಲೈ 2019ರಿಂದ ಜೂನ್ 2024ರವರೆಗೆ ಲೆಕ್ಕ ಹಿಡಿದು ‘5 ವರ್ಷ’ ಎಂದು ಬರೆದಿದ್ದಾರೆ. ಬಿಡಿಸಿ ನೋಡಿದರೆ ಮೊದಲ 6 ತಿಂಗಳು ಇಂಟರ್ನ್‌ಶಿಪ್, ನಂತರದ 27 ತಿಂಗಳು ಟೆಸ್ಟಿಂಗ್, ಮುಂದೆ 5 ತಿಂಗಳು ಕೆಲಸವೇ ಇಲ್ಲ. ಜಾವಾದಲ್ಲಿ ಕೋಡ್ ಬರೆದದ್ದು ಕೊನೆಯ 22 ತಿಂಗಳು ಮಾತ್ರ. ಟೆಸ್ಟಿಂಗ್ ಅವಧಿಯಲ್ಲಿ ಜಾವಾದಲ್ಲೇ ಆಟೊಮೇಷನ್ ಸ್ಕ್ರಿಪ್ಟ್ ಬರೆದಿದ್ದರೆ ಅದರಲ್ಲೊಂದು ಪಾಲನ್ನು ಸೇರಿಸುವುದು ನ್ಯಾಯ; ಅದನ್ನು ಸಂದರ್ಶನದಲ್ಲಿ ಕೇಳಿಯೇ ತಿಳಿಯಬೇಕು. ತಾರೀಖುಗಳ ಬಗ್ಗೆ ಅನುಮಾನವಿದ್ದರೆ ರಿಲೀವಿಂಗ್ ಲೆಟರ್ ಜತೆ ತಾಳೆ ನೋಡಬಹುದು. ಅಂಥ ಸ್ಕ್ರಿಪ್ಟ್ ಕೆಲಸವೇನೂ ಇರದಿದ್ದರೆ, ಈ ರೆಸ್ಯೂಮೆ ಕನಿಷ್ಠ ಮಿತಿಗೆ 14 ತಿಂಗಳು ಕಡಿಮೆ.