ಚಂದ್ರನಿಗೆ ಕಾಯೋ ಬೋರ್ಡು

"ಹಬ್ಬದ ಪ್ರಯುಕ್ತ ಸಮಯ ಬದಲಾಗಿದೆ, ಸಹಕರಿಸಿ." ಈ ಥರದ ಬೋರ್ಡು ನೋಡಿದ್ರೆ ನಂಗೆ ಸಿಟ್ಟು ಬರುತ್ತೆ. ಯಾವಾಗಿಂದ, ಎಲ್ಲಿವರೆಗೆ ಅಂತ ಹೇಳದೆ ಹೇಗಪ್ಪಾ ಸಹಕರಿಸೋದು?

2024ರ ಯುಗಾದಿ ಹೊತ್ತಿನ ಕಥೆ ಕೇಳಿ. ಏಪ್ರಿಲ್ 6ರ ಶನಿವಾರ ಅಮ್ಮನ ಕನ್ನಡಕವನ್ನ ಶಿವಾಜಿನಗರದ ಒಂದು ಪುಟ್ಟ ಅಂಗಡೀಲಿ ರಿಪೇರಿಗೆ ಕೊಟ್ಟಿದ್ದೆ. ಅದಿಲ್ಲದೆ ಅಮ್ಮನಿಗೆ ಮಾತ್ರೆ ಚೀಟಿ ಕೂಡ ಓದಕ್ಕಾಗಲ್ಲ. ಬುಧವಾರ 10ಕ್ಕೆ ವಾಟ್ಸಾಪ್ ಮಾಡಿದ್ರೆ ತಾನಾಗೇ ಉತ್ತರ ಬಂತು: 'ಈದ್ ರಜೆ, 10ರಿಂದ 12'. ಸುಮ್ಮನಾದೆ. 13ರಂದು ಮತ್ತೆ ಕೇಳಿದ್ರೆ ಉತ್ತರವೇ ಇಲ್ಲ. ರಜೆ ಮುಗೀತಲ್ಲ ಅಂತ ಹೋದ್ರೆ ಶಟರ್ ಎಳೆದಿತ್ತು!

ಆಗಿದ್ದಿಷ್ಟು. ರಂಜಾನ್ ತಿಂಗಳಿಗೆ 29 ದಿನವೋ 30 ದಿನವೋ ಅನ್ನೋದು ಚಂದ್ರ ಕಾಣೋವರೆಗೆ ಗೊತ್ತಾಗಲ್ಲ. ಅಂಗಡಿಯವರು 29 ಅಂದ್ಕೊಂಡು ಫೋನಿನಲ್ಲಿ ತಾರೀಖು ಹಾಕಿಟ್ಟಿದ್ರು. 9ರ ಸಂಜೆ ಬೆಂಗಳೂರಲ್ಲಿ ಚಂದ್ರ ಕಾಣಲಿಲ್ಲ, ಹಬ್ಬ 11ಕ್ಕೆ ಹೋಯ್ತು. (ಮಂಗಳೂರು ಕಡೆ 10ಕ್ಕೇ ಆಗಿತ್ತು.) ಹಾಗಾಗಿ 10ಕ್ಕೆ ಅಂಗಡಿ ತೆರೆದಿತ್ತು, ಸಂದೇಶ ಮಾತ್ರ ಮುಚ್ಚಿದೆ ಅಂತಿತ್ತು. 13ಕ್ಕೆ ಅಂಗಡಿ ಮುಚ್ಚಿತ್ತು, ಸಂದೇಶದ ಅವಧಿ ಮುಗಿದಿತ್ತು.

ಸೋಮವಾರ 15ಕ್ಕೆ ಹೋಗಿ ಗೊಣಗಿದೆ. "ಏನ್ ಮಾಡೋದು ಸಾರ್, ಚಂದ್ರ ನಮ್ಮ ಮಾತು ಕೇಳ್ತಾನಾ?" ಅಂದ್ರು. ಮಾತು ಸರಿನೇ. ಆದ್ರೆ ಭಾಯ್, ಗೊತ್ತಿಲ್ಲದ್ದು ಒಂದೇ ಒಂದು ದಿನ. ಎರಡೇ ಸಾಧ್ಯತೆ. ಎರಡನ್ನೂ ಬರೆದುಬಿಟ್ರೆ ಆಯ್ತಲ್ಲ? ನಮ್ಮ ಕೋಡಿನ ಇಫ್-ಎಲ್ಸ್ ಇದ್ದಹಾಗೆ :) ಅಲ್ಲೇ ಕೂತು ಅವರಿಗೆ ಬರೆದುಕೊಟ್ಟ ಮಾದರಿ ಇದು, ಅದೇ ವರ್ಷದ ತಾರೀಖಿನಲ್ಲಿ:

"ರಂಜಾನ್ ಮುಗಿಯುವವರೆಗೆ ಮಧ್ಯಾಹ್ನ 12ರಿಂದ ರಾತ್ರಿ 12. ಸಂಜೆ 6.15ರಿಂದ 7.15 ಇಫ್ತಾರ್ ಬಿಡುವು.
ಈದ್ 10ಕ್ಕೆ ಆದರೆ 10, 11, 12 ರಜೆ. ಶನಿವಾರ 13ಕ್ಕೆ ತೆರೆಯುತ್ತೇವೆ.
ಈದ್ 11ಕ್ಕೆ ಆದರೆ 11, 12, 13 ಮತ್ತು ಭಾನುವಾರ ರಜೆ. ಸೋಮವಾರ 15ಕ್ಕೆ ತೆರೆಯುತ್ತೇವೆ.
ಯಾವುದೆಂದು 9ರ ರಾತ್ರಿ ತಿಳಿಸುತ್ತೇವೆ. ರಜೆಯಲ್ಲಿ ಬಂದ ಸಂದೇಶಗಳಿಗೆ ತೆರೆದ ದಿನ ಸಂಜೆಯೊಳಗೆ ಉತ್ತರ.
ಹಬ್ಬಕ್ಕೆ ಮುಂಚೆ ಬೇಕಾದ ರಿಪೇರಿಯನ್ನು 5ರೊಳಗೆ ಕೊಡಿ."

ನೋಡಿ, ಒಂದು ದಿನ ಹಬ್ಬ ಸರಿದ್ರೆ ಬಾಗಿಲು ತೆರೆಯೋದು ಎರಡು ದಿನ ಸರಿಯುತ್ತೆ, ಭಾನುವಾರ ಅಡ್ಡ ಬರೋದ್ರಿಂದ. 'ಒಂದು ದಿನ ಆಚೀಚೆ' ಅಂತ ಬರೆದಿದ್ರೂ ತಪ್ಪೇ ಆಗ್ತಿತ್ತು. ಇನ್ನು ಫೋನಿನ ಸಂದೇಶಕ್ಕೆ ಮುಗಿಯೋ ತಾರೀಖು ಹಾಕುವಾಗ ದೂರದ್ದನ್ನೇ, ಅಂದ್ರೆ 15ರ ಬೆಳಿಗ್ಗೆಯನ್ನೇ ಹಾಕಬೇಕು. ಬೇಗ ತೆರೆದ್ರೆ ಕೈಯಾರೆ ತೆಗೀಬಹುದು. ರಜೆಯಲ್ಲಿರೋವಾಗ ಅದು ತಾನಾಗೇ ನಿಂತುಹೋದ್ರೆ ನೋಡೋರು ಯಾರು?

ರಜೆ ತಗೊಳ್ಳೋದಕ್ಕೆ ನನ್ನ ತಕರಾರಿಲ್ಲ. ತಿಂಗಳಿಡೀ ಉಪವಾಸವಿದ್ದು ನಡುರಾತ್ರಿವರೆಗೆ ದುಡಿದವರು ಮೂರು ದಿನ ಮಲಗಲಿ. ಯಾವತ್ತು ಏಳ್ತಾರೆ ಅಂತ ಒಂದು ಸಾಲು ಬರೆದಿಟ್ಟು ಮಲಗಲಿ, ಅಷ್ಟೇ. ನೀವೇನಂತೀರಿ?